14 ಗುರಿಗಳ ಹಾಳೆ

ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಮುಂದಿನ ವರ್ಷದ ಬೆಳವಣಿಗೆಯ ಯೋಜನೆಯನ್ನು ಒಂದು ಪುಟದಲ್ಲಿ ಬರೆದುಕೊಡಿ ಎಂದು ಎಂಜಿನಿಯರುಗಳಿಗೆ ಮ್ಯಾನೇಜರ್ ಹೇಳಿರುತ್ತಾರೆ. ಆ ಹಾಳೆ ಹಿಡಿದು ಸಲಹೆಗೆ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರದು ಒಂದೇ ಥರದ ಹಾಳೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಆಕೆ ಸಾಫ್ಟ್‌ವೇರ್ ಎಂಜಿನಿಯರ್, ಸೇರಿ ಒಂಬತ್ತು ತಿಂಗಳಾಗಿತ್ತು. ನಿದ್ದೆ ಸರಿ ಬರುತ್ತಿಲ್ಲ, ಜೊತೆಗೆ ಸೇರಿದವರೆಲ್ಲ ಮುಂದೆ ಹೋದರು ಅನ್ನಿಸುತ್ತಿದೆ ಎಂದಳು. ಹಾಳೆಯಲ್ಲಿ 14 ಗುರಿಗಳಿದ್ದವು. ಒಂದು ಕ್ಲೌಡ್ ಸರ್ಟಿಫಿಕೇಟ್, ಎರಡು ಹೊಸ ಪ್ರೋಗ್ರಾಮಿಂಗ್ ಭಾಷೆ, ಸಿಸ್ಟಮ್ ಡಿಸೈನ್, ಸಂವಹನ ಕೌಶಲ, ಹೀಗೆ. ಪ್ರತಿ ಸಾಲೂ ‘ಕಲಿಯುವುದು’ ಎಂದೇ ಮುಗಿಯುತ್ತಿತ್ತು.

ಎರಡನೇ ಭೇಟಿಗೆ ಬರುವಾಗ ಒಂದು ಕೆಲಸ ಮಾಡಿಕೊಂಡು ಬನ್ನಿ ಎಂದಿದ್ದೆ. ನಿಮ್ಮ ಕೋಡ್ ರಿವ್ಯೂಗಳಲ್ಲಿ ಹಿರಿಯರು ಬರೆದ ಕೊನೆಯ 20 ಟಿಪ್ಪಣಿಗಳನ್ನು ಹಾಗೇ ಒಂದು ಕಡೆ ಇಳಿಸಿಕೊಳ್ಳಿ, ಉತ್ತರ ಬೇಡ, ಸಮಜಾಯಿಷಿ ಬೇಡ. ಬಂದವಳು ಅವನ್ನು ಗಟ್ಟಿಯಾಗಿ ಓದತೊಡಗಿದಳು. ಏಳನೆಯದಕ್ಕೆ ದನಿ ನಿಂತಿತು.

“ಮೇಡಂ, ಇದನ್ನೇ ಈಗಷ್ಟೇ ಓದಿದೆ ಅಲ್ವಾ?”

ಮಾತು ಬೇರೆ, ವಿಷಯ ಒಂದೇ. ಕೋಡ್ ವಿನಂತಿ ಕಳಿಸಿದ ಆ ಕಡೆಯ ಸರ್ವಿಸ್ ಉತ್ತರ ಕೊಡದಿದ್ದರೆ ಏನಾಗುತ್ತದೆ? ಒಂದೇ ವಿನಂತಿ ಎರಡು ಸಲ ಬಂದರೆ? ಎಣಿಸಿದಾಗ 20ರಲ್ಲಿ 11 ಟಿಪ್ಪಣಿಗಳು ಈ ಜಾತಿಯವು. ಒಂದೊಂದನ್ನೂ ಬಂದಾಗ ಬಂದಾಗ ಸರಿಪಡಿಸಿ ಮುಂದೆ ಹೋಗಿದ್ದಳು. ಹನ್ನೊಂದನ್ನೂ ಒಟ್ಟಿಗೆ ನೋಡಿರಲಿಲ್ಲ. ಆಮೇಲೆ ತಾನಾಗಿಯೇ ಒಂದು ಘಟನೆ ಹೇಳಿದಳು. ಐದು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಮತ್ತೆ ಕಳಿಸುವಂತೆ ಆಕೆ ಕೋಡ್ ಬರೆದಿದ್ದಳು. ಮೊದಲ ವಿನಂತಿ ತಲುಪಿಯೇ ಇತ್ತು, ತಡವಾದದ್ದು ಉತ್ತರ ಮಾತ್ರ. ಹಾಗಾಗಿ ಗ್ರಾಹಕರಿಗೆ ಒಂದೇ ಸಂದೇಶ ಎರಡೆರಡು ಸಲ ಹೋಯಿತು. ಪ್ರತಿ ವಿನಂತಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಮತ್ತೆ ಕಳಿಸುವಾಗಲೂ ಅದನ್ನೇ ಇಟ್ಟಿದ್ದರೆ, ಇದು ಹಳೆಯದೇ ಎಂದು ಆ ಕಡೆಯವರಿಗೆ ತಿಳಿಯುತ್ತಿತ್ತು. “ಆ ರಾತ್ರಿಯಿಂದಲೇ ನಿದ್ದೆ ಕೆಟ್ಟಿದ್ದು” ಎಂದಳು.

14 ಗುರಿಗಳಲ್ಲಿ ಒಂದೂ ಆ ರಾತ್ರಿಯ ಹತ್ತಿರ ಸುಳಿದಿರಲಿಲ್ಲ.

ಹೊಸ ಹಾಳೆಯನ್ನು ಅಲ್ಲೇ ಕೂತು ಬರೆದೆವು. ಗುರಿ ಒಂದೇ: ಕೆಟ್ಟು ನಿಲ್ಲುವ ಸಂದರ್ಭಗಳನ್ನು ಮೊದಲೇ ಯೋಚಿಸಿ ಕೋಡ್ ಬರೆಯುವುದು. ಮೊದಲ ಮೂರು ತಿಂಗಳು, ರಿವ್ಯೂಗೆ ಕಳಿಸುವ ಪ್ರತಿ ಬದಲಾವಣೆಯ ಮೇಲೆ ನಾಲ್ಕು ಸಾಲು ಬರೆಯಬೇಕು: ಉತ್ತರ ಬರದಿದ್ದರೆ, ತಡವಾದರೆ, ಎರಡು ಸಲ ಬಂದರೆ, ತಪ್ಪಾಗಿ ಬಂದರೆ ಈ ಕೋಡ್ ಏನು ಮಾಡುತ್ತದೆ. ಆಮೇಲಿನ ಮೂರು ತಿಂಗಳು, ಕೋಡ್ ಕೆಟ್ಟು ಕರೆ ಬಂದರೆ ಸರಿಪಡಿಸಲು ಸಿದ್ಧರಿರುವ ಆನ್‌ಕಾಲ್ ಪಾಳಿಯಲ್ಲಿ ಹಿರಿಯರೊಬ್ಬರ ಜೊತೆ ಕೂರುವುದು. ನಂತರ ಸ್ವತಃ ಪಾಳಿ ಹಿಡಿಯುವುದು, ಬೆನ್ನಿಗೆ ಒಬ್ಬ ಹಿರಿಯರು ಇದ್ದೇ ಇರಬೇಕು. ಕೊನೆಯ ಮೂರು ತಿಂಗಳನ್ನು ಖಾಲಿ ಬಿಡಿಸಿದೆ, ಅಷ್ಟು ದೂರದ್ದು ಈಗಲೇ ಕಾಣುವುದಿಲ್ಲ. ಪ್ರತಿ ಮೂರು ತಿಂಗಳಿಗೊಮ್ಮೆ ಮತ್ತೆ 20 ಟಿಪ್ಪಣಿ ಎಣಿಸಬೇಕು. ರಿವ್ಯೂ ಮಾಡುವವರು ಸಡಿಲವಾದರೂ, ಕೆಲಸ ಸುಲಭದ್ದಾದರೂ ಆ ಸಂಖ್ಯೆ ಇಳಿದೀತು. ಅದಕ್ಕೆ ಬಳಕೆಯಲ್ಲಿರುವ ಕೋಡಿನಲ್ಲಿ ಸಿಕ್ಕ ಇದೇ ಬಗೆಯ ದೋಷಗಳನ್ನೂ ಪಕ್ಕದಲ್ಲೇ ಬರೆದಿಡಲು ಹೇಳಿದೆ.

ಸರ್ಟಿಫಿಕೇಟ್ ಅಳಿಸಿಸಿದ್ದಕ್ಕೆ ಸಹೋದ್ಯೋಗಿಯೊಬ್ಬರು ನನ್ನನ್ನು ಆಕ್ಷೇಪಿಸಿದರು: ಹುಡುಗಿಯ ಆಸೆಯನ್ನೇ ಕತ್ತರಿಸಿದಿರಿ ಎಂದು. ನಾನು ಒಪ್ಪುವುದಿಲ್ಲ. ಆಕೆಯ ತಂಡಕ್ಕೆ ಕ್ಲೌಡ್ ಕೆಲಸ ಬಂದ ದಿನ ಅದು ಹಾಳೆಗೆ ತಾನಾಗಿ ಬರುತ್ತದೆ. ಕೈಯಲ್ಲಿ ಕೆಲಸವಿಲ್ಲದೆ ಓದಿದ್ದು ಪರೀಕ್ಷೆ ಮುಗಿದ ಕೆಲವೇ ತಿಂಗಳಲ್ಲಿ ಜಾರಿಹೋಗುವುದನ್ನು ಎಷ್ಟೋ ಜನರಲ್ಲಿ ನೋಡಿದ್ದೇನೆ. ಹಾಳೆಯ ಒಂದು ಸಾಲು ಸರಿಯಿದೆಯೇ ಎಂದು ತಿಳಿಯಲು ನಾನು ಹಿಡಿಯುವ ಅಳತೆ ಒಂದೇ: ಮೂರು ತಿಂಗಳ ನಂತರ ಇನ್ನೊಬ್ಬರು ಅದನ್ನು ಓದಿ ‘ಆಗಿದೆ’ ಅಥವಾ ‘ಆಗಿಲ್ಲ’ ಎನ್ನಲು ಬರಬೇಕು.

ಎರಡು ಎಚ್ಚರಿಕೆಯನ್ನೂ ಕೊಟ್ಟೆ. ಆನ್‌ಕಾಲ್ ಪಾಳಿ ಮ್ಯಾನೇಜರ್ ಕೊಟ್ಟರೆ ಮಾತ್ರ ಸಿಗುವುದು, ಆದ್ದರಿಂದ ಬರೆದು ಮುಗಿಸುವ ಮೊದಲೇ ಅವರನ್ನು ಕೇಳಬೇಕು. ನಿದ್ದೆಯ ವಿಷಯ, ಹೋಲಿಕೆಯ ಸಂಕಟ ಆ ಹಾಳೆಗೆ ಬರಕೂಡದು. ವರ್ಷದ ಕೊನೆಗೆ ಸಂಬಳದ ಮಾತು ಬಂದಾಗ ಅದೇ ಹಾಳೆ ಮೇಜಿನ ಮೇಲಿರಬಹುದು. ಅವನ್ನು ನನ್ನ ಕೋಣೆಯಲ್ಲೇ ಬಿಡಿಸೋಣ ಎಂದೆ, ಬಿಡಿಸುತ್ತಲೂ ಇದ್ದೇವೆ.

ಮೂರು ತಿಂಗಳ ಮೇಲೆ ಎಣಿಸಿದಾಗ 11 ಇದ್ದದ್ದು 4 ಆಗಿತ್ತು. ಆ ನಾಲ್ಕರಲ್ಲಿ ಮೂರು, ಉತ್ತರ ತಡವಾಗಿ ಬರುವುದನ್ನು ಕುರಿತವೇ. ಆಕೆ ಏನೂ ಹೇಳದೆ ಪೆನ್ ತೆಗೆದು ಮುಂದಿನ ಮೂರು ತಿಂಗಳ ಸಾಲಿನ ಪಕ್ಕ ಅದನ್ನು ಬರೆದುಕೊಂಡಳು.