ಕಾಣೆಯಾದ ಸಸಿ ಸತ್ತ ಸಸಿಯಲ್ಲ

ಹೊನ್ನೆ ಸಸಿಗಳಿಗೆ ಜುಲೈ ಮೊದಲ ವಾರ ಟ್ಯಾಗ್ ಹಾಕಿದೆ. ಮರದ ನೆರಳಲ್ಲಿ ಹತ್ತು, ಬಯಲಲ್ಲಿ ಹತ್ತು. ವರ್ಷವಿಡೀ ಪ್ರತಿ ತಿಂಗಳ ಮೊದಲ ವಾರ ಹೋಗಿ ನೋಡಿದೆ. ನೆರಳಲ್ಲಿ ಒಂದು, ಬಯಲಲ್ಲಿ ಎರಡು ಸಸಿ ನಡುವೆ ಎಲ್ಲೋ ಕಾಣೆಯಾದವು. ಅವನ್ನು ಲೆಕ್ಕದಿಂದ ಬಿಡಲೋ, ಸತ್ತವು ಅಂತ ಬರೆಯಲೋ? ಪಟ್ಟಿ ಕಳಿಸಿದ್ದೇನೆ. (ಅರಣ್ಯಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ)

ಪ್ರಬಂಧ ಸಲ್ಲಿಸುವ ಕಾಲ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಬಿಡಲೂಬಾರದು, ಸತ್ತವು ಅಂತ ಸುಮ್ನೆ ಬರೆಯಲೂಬಾರದು. ನಿಮ್ಮ ಪಟ್ಟಿಯನ್ನೇ ಇಟ್ಟುಕೊಂಡು ತೋರಿಸುತ್ತೇನೆ. ಕಾಗದ, ಪೆನ್ಸಿಲ್ ಹಿಡಿದು ಕೂತರೆ ಅರ್ಧ ಗಂಟೆಯ ಕೆಲಸ.

ಬಯಲಿನ ಹತ್ತರಲ್ಲಿ ಐದನೇ ತಿಂಗಳಿಗೆ, ಅಂದರೆ ಡಿಸೆಂಬರ್‌ಗೆ, ಎರಡು ಸತ್ತಿವೆ. ಜನವರಿಯಲ್ಲಿ ನೋಡಿದ್ದ ಎರಡು ಸಸಿ ಫೆಬ್ರವರಿಯಲ್ಲಿ ಇಲ್ಲ. ಮಾರ್ಚ್‌ಗೆ ಎರಡು, ಏಪ್ರಿಲ್‌ಗೆ ಒಂದು ಸತ್ತಿವೆ. ಮೂರು ಜುಲೈವರೆಗೂ ಉಳಿದಿವೆ.

ಈಗ ಲೆಕ್ಕ. ಸಾವು ಕಂಡ ಪ್ರತಿ ತಿಂಗಳಲ್ಲೂ ಒಂದೇ ಕೇಳಿಕೊಳ್ಳಿ: ಅಲ್ಲಿವರೆಗೆ ನನ್ನ ಕಣ್ಣಳತೆಯಲ್ಲಿ ಎಷ್ಟು ಜೀವಂತ ಇದ್ದವು, ಅದರಲ್ಲಿ ಎಷ್ಟು ದಾಟಿದವು? ಡಿಸೆಂಬರ್‌ನಲ್ಲಿ ಹತ್ತರಲ್ಲಿ ಎಂಟು ದಾಟಿದವು, 0.8. ಜನವರಿಯ ನಂತರ ಎರಡು ಕಾಣೆ. ಆಗ ಬದುಕುಳಿದ ಪ್ರಮಾಣದ ಗೆರೆ ಇಳಿಯುವುದಿಲ್ಲ, ಆದರೆ ಲೆಕ್ಕದಲ್ಲಿ ಉಳಿಯುವುದು ಆರೇ. ಮಾರ್ಚ್‌ನಲ್ಲಿ ಆ ಆರರಲ್ಲಿ ನಾಲ್ಕು ದಾಟಿದವು. 0.8 ಅನ್ನು 4/6ರಿಂದ ಗುಣಿಸಿ, 0.53. ಏಪ್ರಿಲ್‌ನಲ್ಲಿ ನಾಲ್ಕರಲ್ಲಿ ಮೂರು. ಮತ್ತೆ ಗುಣಿಸಿದರೆ 0.40. ಕಾಣೆಯಾದ ಎರಡು ಸಸಿ ಜನವರಿವರೆಗೆ ಬದುಕಿದ್ದವು ಅನ್ನೋ ಮಾಹಿತಿ ಪೂರ್ತಿ ಬಳಕೆಯಾಯಿತು. ಆಮೇಲಿನದು ನಮಗೆ ಗೊತ್ತಿಲ್ಲ, ಗೊತ್ತಿದೆ ಅಂತ ನಟಿಸಲೂ ಇಲ್ಲ. ಸೆನ್ಸಾರ್ ಮಾಡುವುದು ಅಂದರೆ ಇಷ್ಟೇ.

ಇದು ಕಪ್ಲಾನ್–ಮೈಯರ್ ವಿಧಾನ, 1958ರದ್ದು. ಮೈಯರ್ ಕಣ್ಣಮುಂದೆ ಇದ್ದದ್ದು ರೋಗಿಗಳು. ಕಪ್ಲಾನ್ ಕಣ್ಣಮುಂದೆ ಇದ್ದದ್ದು ಸಮುದ್ರದಡಿಯ ಟೆಲಿಫೋನ್ ಕೇಬಲ್‌ಗಳ ನಿರ್ವಾತ ಕೊಳವೆಗಳು. ಹೊನ್ನೆ ಸಸಿಗೂ ಅದೇ ಲೆಕ್ಕ ನಡೆಯುತ್ತದೆ.

ನೆರಳಿನದನ್ನು ಬೇಗ ಮುಗಿಸೋಣ. ಸೆಪ್ಟೆಂಬರ್‌ನಲ್ಲಿ ಒಂದು ಬುಡ ಕೊಳೆತು ಸತ್ತಿದೆ, 0.9. ನವೆಂಬರ್‌ನಲ್ಲಿ ನೋಡಿದ್ದ ಒಂದು ಆಮೇಲೆ ಕಾಣೆ, ಉಳಿದವು ಎಂಟು. ಏಪ್ರಿಲ್‌ನಲ್ಲಿ ಒಂದು ಸತ್ತಿದೆ, 0.9 ಗುಣಿಸು 7/8, ಅಂದರೆ 0.79.

ನೆರಳಲ್ಲಿ ನೂರಕ್ಕೆ 79, ಬಯಲಲ್ಲಿ 40. ಕಣ್ಣಿಗೆ ದೊಡ್ಡ ವ್ಯತ್ಯಾಸ. ಹೀಗಾಗಿ ಬಹಳ ಜನ ಇಲ್ಲಿಗೇ ನಿಲ್ಲಿಸಿ "ನೆರಳು ಒಳ್ಳೆಯದು" ಅಂತ ಬರೆದುಬಿಡುತ್ತಾರೆ. ನಿಲ್ಲಿಸಬೇಡಿ.

ಎರಡು ಗೆರೆಗಳನ್ನು ಹೋಲಿಸಲು ಲಾಗ್-ರ್ಯಾಂಕ್ ಪರೀಕ್ಷೆ ಇದೆ. ನೆರಳು–ಬಯಲು ಭೇದವೇ ಇಲ್ಲ ಅಂದುಕೊಂಡು, ಪ್ರತಿ ತಿಂಗಳ ಸಾವುಗಳನ್ನು ಆ ಹೊತ್ತಿಗೆ ನಿಂತಿದ್ದ ಸಸಿಗಳ ಪ್ರಮಾಣದಲ್ಲಿ ಎರಡೂ ಕಡೆ ಹಂಚುತ್ತದೆ. ಮಾರ್ಚ್‌ನಲ್ಲಿ ಬಯಲಲ್ಲಿ ಆರು, ನೆರಳಲ್ಲಿ ಎಂಟು ನಿಂತಿದ್ದವು, ಸತ್ತವು ಎರಡು. ಬಯಲಿನ ಪಾಲು ಎರಡರ 6/14, ಅಂದರೆ 0.86. ಹೀಗೆ ಎಲ್ಲ ತಿಂಗಳು ಕೂಡಿದರೆ ಬಯಲಲ್ಲಿ 3.1 ಸಾವು ಬರಬೇಕಿತ್ತು, ಬಂದದ್ದು 5. ಆರ್ ತಂತ್ರಾಂಶದಲ್ಲಾದರೆ ಹೀಗೆ:

```
library(survival)
survfit(Surv(tingalu, satta) ~ jaga, data = sasi)
print(survdiff(Surv(tingalu, satta) ~ jaga, data = sasi), digits = 4)
```

ಸತ್ತದ್ದಕ್ಕೆ ತಿಂಗಳು ಅಂದರೆ ಸತ್ತದ್ದು ಮೊದಲು ಕಂಡ ತಿಂಗಳು, `satta` 1. ಕಾಣೆಯಾದದ್ದಕ್ಕೆ ಕೊನೆಯ ಸಲ ಜೀವಂತ ಕಂಡ ತಿಂಗಳು, `satta` 0. ಕಾಣೆಯಾದ ತಿಂಗಳನ್ನು ಹಾಕಬೇಡಿ. ಕೈ-ವರ್ಗ 2.2 ಬರುತ್ತದೆ, ಪಿ ಬೆಲೆ 0.14, ರೂಢಿಯ ಗಡಿಯಾದ 0.05ಕ್ಕಿಂತ ಮೇಲೆ. ಅಂದರೆ ಈ ಹತ್ತು–ಹತ್ತು ಸಸಿಗಳಿಂದ ಭೇದ ಇದೆ ಅಂತ ಗಟ್ಟಿಯಾಗಿ ಹೇಳಲು ಆಗುವುದಿಲ್ಲ. ಇಪ್ಪತ್ತು ಸಸಿ ಇರಬಹುದು, ಆದರೆ ಸತ್ತದ್ದು ಏಳೇ. ಈ ಪರೀಕ್ಷೆಗೆ ಬಲ ಬರುವುದು ಸಾವುಗಳ ಸಂಖ್ಯೆಯಿಂದ.

ಈಗ ಬಯಲಿನ ಆ ಎರಡು ಸಸಿ ಫೆಬ್ರವರಿಯಲ್ಲಿ ಸತ್ತವು ಅಂತ ಬರೆದು ಮತ್ತೆ ಓಡಿಸಿ. ನೆರಳಿನ ಒಂದನ್ನು ಮುಟ್ಟಬೇಡಿ. ಪಿ ಬೆಲೆ 0.045ಕ್ಕೆ ಇಳಿಯುತ್ತದೆ! ಅವೇ ಎರಡು ಜುಲೈವರೆಗೆ ಬದುಕಿದ್ದವು ಅಂತ ಬರೆದರೆ 0.23. ನೋಡಿದಿರಾ? ನಿಮ್ಮ ಇಡೀ ಪ್ರಬಂಧದ ತೀರ್ಮಾನ ಆ ಎರಡು ಸಸಿಗಳ ಮೇಲೆ ನಿಂತಿದೆ. ಅವುಗಳ ಮುಂದೆ ನಿಮ್ಮ ಪಟ್ಟಿಯಲ್ಲಿ ಇರುವುದು "ಸಿಗಲಿಲ್ಲ" ಅನ್ನೋ ಒಂದೇ ಪದ. ನನಗೆ ಸಿಟ್ಟು ಬರುವುದು ಇಲ್ಲಿ.

ಸೆನ್ಸಾರ್ ಮಾಡುವಾಗ ನೀವು ಒಂದು ಮಾತು ಕೊಡುತ್ತಿದ್ದೀರಿ. ಕಾಣೆಯಾದ ಸಸಿ, ಅದೇ ಪ್ಲಾಟ್‌ನಲ್ಲಿ ಕಣ್ಣಿಗೆ ಬೀಳುತ್ತಿರುವ ಉಳಿದ ಸಸಿಗಳಷ್ಟೇ ಬದುಕುವ ಸಾಧ್ಯತೆ ಇದ್ದದ್ದು ಅಂತ. ಟ್ಯಾಗಿನ ತಂತಿ ತುಕ್ಕು ಹಿಡಿದು ಬಿದ್ದುಹೋಗಿದ್ದರೆ ಆ ಮಾತು ನಿಜ. ತಂತಿಗೆ ಸಸಿ ಗಟ್ಟಿಯೋ ಸೊರಗಿದ್ದೋ ಗೊತ್ತಿಲ್ಲ. ಆದರೆ ಸಸಿ ಒಣಗಿ, ಮುರಿದು, ಗಾಳಿಗೆ ಹಾರಿ ಹೋಗಿದ್ದಕ್ಕೇ ಸಿಗಲಿಲ್ಲ ಅಂತಾದರೆ ಆ ಮಾತು ಸುಳ್ಳು. ಬಯಲಲ್ಲಿ ಹೀಗಾಗುವುದು ಜಾಸ್ತಿ. ಆಗ ಸಾವುಗಳನ್ನೇ ಸೆನ್ಸಾರ್ ಹೆಸರಲ್ಲಿ ಬಚ್ಚಿಟ್ಟಂತಾಗುತ್ತದೆ, ಬಯಲಿನ ಗೆರೆ ಇರಬೇಕಾದ್ದಕ್ಕಿಂತ ಮೇಲೆ ನಿಲ್ಲುತ್ತದೆ. ದನ ತಿಂದು ಹೋಗಿದ್ದರೆ ಅದೂ ಸಾವೇ. ನಿಮ್ಮ ಪ್ರಶ್ನೆ "ಬಯಲಲ್ಲಿ ಹೊನ್ನೆ ಉಳಿಯುತ್ತದೆಯೇ" ಎಂದಲ್ಲವೇ? ಬಯಲು ಅಂದಮೇಲೆ ದನವೂ ಅದರೊಳಗೇ ಬಂತು.

ಇದನ್ನು ಪತ್ತೆ ಮಾಡಲು ನಾನು ಬಿಡದೆ ಪಾಲಿಸುವ ಒಂದು ಕ್ರಮ ಇದೆ. ಟ್ಯಾಗನ್ನು ಸಸಿಗೆ ಕಟ್ಟುವುದಿಲ್ಲ. ಪಕ್ಕದಲ್ಲಿ ಗೇಣು ದೂರಕ್ಕೆ ಕಬ್ಬಿಣದ ಗೂಟ ಹೊಡೆದು ಅದಕ್ಕೆ ಕಟ್ಟುತ್ತೇನೆ. ಪ್ಲಾಟಿನ ಎರಡು ಮೂಲೆಗಳಿಂದ ಟೇಪ್ ಹಿಡಿದು ಗೂಟದ ದೂರ ಬರೆದುಕೊಳ್ಳುತ್ತೇನೆ. ಗೂಟ ಇದೆ, ಟ್ಯಾಗ್ ಇದೆ, ಸಸಿ ಇಲ್ಲ ಅಂದರೆ ಅದು ಸಾವು. ಗೂಟವೂ ಇಲ್ಲ, ಅಳತೆ ಹಿಡಿದು ಹುಡುಕಿದರೂ ಯಾವ ಸಸಿ ಅಂತ ಗೊತ್ತಾಗುತ್ತಿಲ್ಲ ಅಂದರೆ ಮಾತ್ರ ಸೆನ್ಸಾರ್.

ಹೊನ್ನೆಯಲ್ಲಿ ಇನ್ನೊಂದು ತೊಡಕಿದೆ. ಅದರ ಎಳೆ ಸಸಿಗಳು ಬೇಸಿಗೆಯಲ್ಲಿ ಮೇಲಿನ ಕಾಂಡವನ್ನು ಒಣಗಲು ಬಿಟ್ಟು, ಬೇರು ಉಳಿಸಿಕೊಂಡು, ಮಳೆ ಬಿದ್ದಮೇಲೆ ಬುಡದಿಂದ ಮತ್ತೆ ಚಿಗುರುತ್ತವೆ. ಕೆಲಸ ಶುರು ಮಾಡಿದ ಹೊಸದರಲ್ಲಿ ನಾನು ಏಪ್ರಿಲ್‌ನಲ್ಲಿ ಸತ್ತವು ಅಂತ ಬರೆದು, ಗೂಟ ಕಿತ್ತುಕೊಂಡು ಬಂದಿದ್ದೆ. ಜೂನ್ ಕೊನೆಗೆ ಹೋದರೆ ಗೂಟದ ತೂತುಗಳ ಪಕ್ಕದಲ್ಲಿ ಕೆಂಪು ಚಿಗುರು. ಯಾವುದು ಯಾವ ನಂಬರಿನದು ಅಂತ ಹೇಳಲಾಗಲಿಲ್ಲ, ಒಂದು ವರ್ಷದ ಕೆಲಸ ಹೋಯಿತು. ಈಗ ನೆಲಮಟ್ಟದಲ್ಲಿ ಕಾಂಡವನ್ನು ಉಗುರಿನಿಂದ ಒಂದು ಅಕ್ಕಿಕಾಳಿನಷ್ಟು ಕೆರೆದು ನೋಡುತ್ತೇನೆ. ಒಳಗೆ ಹಸಿರು ತೇವ ಇದ್ದರೆ ಜೀವ ಇದೆ. ಕಂದು ಪುಡಿ ಬಂದರೂ "ಒಣಗಿದೆ" ಅಂತಷ್ಟೇ ಬರೆಯುತ್ತೇನೆ, ಗೂಟ ಕೀಳುವುದಿಲ್ಲ. ಮಳೆಗಾಲ ಕಳೆದರೂ ಚಿಗುರದಿದ್ದರೆ ಆಗ ಸತ್ತದ್ದು, ತಾರೀಕು ಮಾತ್ರ ಮೊದಲು ಒಣಗಿ ಕಂಡದ್ದೇ. ನಿಮ್ಮ ಮಾರ್ಚ್, ಏಪ್ರಿಲ್‌ನ ನಾಲ್ಕು "ಸಾವು"ಗಳನ್ನು ಸೆಪ್ಟೆಂಬರ್‌ನಲ್ಲಿ ಹೋಗಿ ಮತ್ತೆ ನೋಡಿ. ಒಂದು ಚಿಗುರಿದ್ದರೂ ಮೇಲಿನ ಲೆಕ್ಕ ಬದಲಾಗುತ್ತದೆ.

ಅದಾದಮೇಲೆ ಮೂರು ಲೆಕ್ಕವನ್ನೂ ಪ್ರಬಂಧದಲ್ಲಿ ಕೊಡಿ: ಸೆನ್ಸಾರ್ ಮಾಡಿದ್ದು, ಬಯಲಿನ ಕಾಣೆಯಾದವು ಸತ್ತವು ಅಂದದ್ದು, ಬದುಕಿದವು ಅಂದದ್ದು. ಮೂರೂ ಒಂದೇ ತೀರ್ಮಾನ ಕೊಟ್ಟರೆ ಮಾತ್ರ ಗಟ್ಟಿಯಾಗಿ ಮಾತಾಡಿ. ಈಗಿನ ಸ್ಥಿತಿಯಲ್ಲಿ ಕೊಡುತ್ತಿಲ್ಲ.

ಇನ್ನು ಬೇರೆ ಓದುಗರ ಪ್ರಶ್ನೆಗಳು.

ಅಂಕಿಅಂಶ ಮಾಡಿಕೊಡುವ ಒಬ್ಬರಿಗೆ ದುಡ್ಡು ಕೊಟ್ಟೆ. ಕಾಣೆಯಾದ ಸಸಿಗಳಿಗೆ ಉಳಿದವುಗಳ ಸರಾಸರಿ ಆಯಸ್ಸು ತುಂಬಿಸಿ ಟಿ-ಟೆಸ್ಟ್ ಮಾಡಿಕೊಟ್ಟಿದ್ದಾರೆ. ಸರೀನಾ?

ಸರಿಯಲ್ಲ, ಅದು ಅಂಕಿ ಸೃಷ್ಟಿಸುವುದು. ವರ್ಷದ ಕೊನೆಗೂ ಬದುಕಿರುವ ಸಸಿಗೆ ಆಯಸ್ಸು ಇನ್ನೂ ಮುಗಿದಿಲ್ಲ, ಸರಾಸರಿ ಎಲ್ಲಿಂದ ಬಂತು? ಆ ಹಾಳೆ ಬಿಸಾಡಿ, ಮೂಲ ಪಟ್ಟಿಗೆ ಹೋಗಿ. ಸಸಿಯನ್ನು ಕಣ್ಣಾರೆ ನೋಡದವರ ಕೈಗೆ ಪಟ್ಟಿ ಕೊಡಬೇಡಿ.

ನೆರಳಿನ ಗೆರೆ ಮಳೆಗಾಲದಲ್ಲಿ ಕೆಳಗಿದೆ, ಬೇಸಿಗೆಯಲ್ಲಿ ಮೇಲಿದೆ. ಎರಡೂ ಅಡ್ಡ ಹಾಯ್ದಿವೆ. ಲಾಗ್-ರ್ಯಾಂಕ್‌ನಲ್ಲಿ ಪಿ ಬೆಲೆ 0.6. ಭೇದ ಇಲ್ಲ ಅಂತ ಬರೆಯಲಾ?

ಬರೆಯಬೇಡಿ. ಲಾಗ್-ರ್ಯಾಂಕ್ ಪ್ರತಿ ತಿಂಗಳ ಹೆಚ್ಚು-ಕಡಿಮೆಯನ್ನು ಕೂಡುತ್ತದೆ. ಮಳೆಗಾಲದಲ್ಲಿ ನೆರಳಲ್ಲಿ ಕೊಳೆತು ಸತ್ತದ್ದು, ಬೇಸಿಗೆಯಲ್ಲಿ ಬಯಲಲ್ಲಿ ಒಣಗಿ ಸತ್ತದ್ದು ಒಂದನ್ನೊಂದು ಹೊಡೆದುಹಾಕಿವೆ. ಎರಡು ಕಾಲಗಳನ್ನು ಬೇರೆ ಬೇರೆ ಹೋಲಿಸಿ. ಬೇಸಿಗೆಯ ಲೆಕ್ಕಕ್ಕೆ ಮಳೆಗಾಲ ದಾಟಿದ ಸಸಿಗಳನ್ನು ಮಾತ್ರ ತೆಗೆದುಕೊಳ್ಳಿ, ಅದನ್ನು ಪ್ರಬಂಧದಲ್ಲೂ ಹೇಳಿ. ಕಾಲವನ್ನು ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ಮಳೆ ನೋಡಿ ನಿರ್ಧರಿಸಿ, ಗೆರೆ ಹಾಯ್ದ ಜಾಗ ನೋಡಿ ಅಲ್ಲ.

ಒಂದೇ ನೆರಳು ಪ್ಲಾಟ್, ಒಂದೇ ಬಯಲು ಪ್ಲಾಟ್. ಆದರೆ ಒಂದೊಂದರಲ್ಲೂ 200 ಸಸಿ ಇವೆ. ಸಾಕಲ್ವಾ?

ಸಾಲದು. ನೀವು ಹೋಲಿಸುತ್ತಿರುವುದು ಎರಡು ಜಾಗಗಳನ್ನು, ನೆರಳು ಮತ್ತು ಬೆಳಕನ್ನಲ್ಲ. ಒಂದು ಕಡೆ ಗೆದ್ದಲಿನ ಹುತ್ತ ಇದ್ದರೂ ಸಾಕು, 200 ಸಸಿಗೂ ಅದೇ ಪಾಡು. ಮುಂದಿನ ಮಳೆಗೆ ಕಡಿಮೆ ಸಸಿ, ಜಾಸ್ತಿ ಪ್ಲಾಟ್ ಮಾಡಿ.

ವರ್ಷದ ಕೊನೆಗೆ ಬದುಕಿ ಉಳಿದವೂ ಸೆನ್ಸಾರ್ ಲೆಕ್ಕವಾ?

ಹೌದು, ಕೊನೆಯ ಎಣಿಕೆಯ ತಾರೀಕಿಗೆ.