ಹೋದ ವರ್ಷದ ಅಂಕಿಯನ್ನು ಹಳೆಯ ವರದಿಯಿಂದ ಎತ್ತಬೇಡಿ

ಪ್ರಶ್ನೆ: ಬಳ್ಳಾರಿಯಲ್ಲಿ ಎಂ.ಕಾಂ. ಓದ್ತಿದೀನಿ. ಪ್ರಾಜೆಕ್ಟಿಗೆ ಇಲ್ಲಿನ ಒಂದು ಉಕ್ಕಿನ ಕಂಪನಿಯ ವಾರ್ಷಿಕ ವರದಿಯಿಂದ ಮುಖ್ಯ ಅಂಕಿಗಳನ್ನೂ ಹೋದ ವರ್ಷಕ್ಕಿಂತ ಆದ ಏರಿಳಿತವನ್ನೂ ಒಂದು ಪುಟದಲ್ಲಿ ಕೊಡಬೇಕು. ಎರಡೂ ವರ್ಷದ ವರದಿ ಡೌನ್‌ಲೋಡ್ ಮಾಡಿದೀನಿ. ಮೊದಲ ಪುಟಗಳ ಹೈಲೈಟ್ಸ್‌ನಿಂದ ಒಂದು 20 ಅಂಕಿ ತಗೊಂಡು ಪಕ್ಕಪಕ್ಕ ಇಟ್ಟು ಶೇಕಡಾ ಹಾಕಿದ್ರೆ ಸಾಕಾ?

ಉತ್ತರ:

ಸಾಲದು. ಎರಡು ವರದಿಗಳ ಅಂಕಿ ಪಕ್ಕಪಕ್ಕ ಇಡುವ ಅಭ್ಯಾಸವೇ ಇಂಥ ಸಾರಾಂಶಗಳನ್ನು ಕೆಡಿಸುವುದು. ಈ ವರ್ಷದ ವರದಿಯ ಲಾಭ-ನಷ್ಟ ಪತ್ರಿಕೆಯಲ್ಲಿ ಪ್ರತಿ ಸಾಲಿಗೂ ಎರಡು ಕಾಲಂ ಇರುತ್ತವೆ, ಒಂದು ಈ ವರ್ಷದ್ದು, ಇನ್ನೊಂದು ಹೋದ ವರ್ಷದ್ದು. ಹೋಲಿಕೆಯ ಅಂಕಿ ಆ ಎರಡನೇ ಕಾಲಂನಿಂದಲೇ ಬರಬೇಕು. ಹಳೆಯ ವರದಿ ಇರುವುದು ತಾಳೆ ನೋಡಲಿಕ್ಕೆ ಮಾತ್ರ.

ಯಾಕೆಂದರೆ ಹೋದ ವರ್ಷದ ಅಂಕಿಯೇ ಆಮೇಲೆ ಬದಲಾಗಿರಬಹುದು. ನಮ್ಮ ಭಾಗದ ಉದಾಹರಣೆಯನ್ನೇ ನೋಡ್ರಿ. ಕೊಪ್ಪಳದ ಬೇವಿನಹಳ್ಳಿಯಲ್ಲಿ ಕಾರ್ಖಾನೆ ಇರುವ ಕಿರ್ಲೋಸ್ಕರ್ ಫೆರಸ್‌ನಲ್ಲಿ ಅದರದೇ ಅಂಗಸಂಸ್ಥೆ ಐಎಸ್ಎಂಟಿ 2024ರಲ್ಲಿ ವಿಲೀನವಾಯಿತು. ಒಂದೇ ಗುಂಪಿನೊಳಗಿನ ವಿಲೀನ ಆದಾಗ, ಆ ಎರಡು ಕಂಪನಿಗಳು ಮೊದಲಿನಿಂದಲೂ ಒಂದೇ ಆಗಿದ್ದವು ಎಂಬಂತೆ ಹೋದ ವರ್ಷದ ಸ್ಟ್ಯಾಂಡಲೋನ್ ಲೆಕ್ಕವನ್ನೂ, ಅಂದರೆ ಅಂಗಸಂಸ್ಥೆ ಬಿಟ್ಟು ಆ ಕಂಪನಿಯೊಂದರದೇ ಲೆಕ್ಕವನ್ನೂ, ತಿರುಗಿ ಬರೆಯಬೇಕೆಂದು ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 103 ಹೇಳುತ್ತದೆ. ವಿಲೀನಕ್ಕೆ ಮುಂಚೆ ಅಚ್ಚಾದ ವರದಿಯಲ್ಲಿ ಆ ತಿದ್ದಿದ ಅಂಕಿ ಇರಲು ಸಾಧ್ಯವಿಲ್ಲ.

ಸಂಡೂರು ಮ್ಯಾಂಗನೀಸ್‌ನದು ಇದಕ್ಕೆ ಉಲ್ಟಾ. ಅದು 2024ರ ನವೆಂಬರ್‌ನಲ್ಲಿ ಅರ್ಜಾಸ್ ಸ್ಟೀಲ್ ಅನ್ನು ಹೊರಗಿನವರಿಂದ ಕೊಂಡಿತು. ಕೊಂಡುಕೊಂಡರೆ ಹೋದ ವರ್ಷದ ಲೆಕ್ಕ ಬದಲಾಗುವುದಿಲ್ಲ, ಕೊಂಡ ದಿನದಿಂದ ಮುಂದಿನ ಆದಾಯ ಮಾತ್ರ ಅಂಗಸಂಸ್ಥೆಗಳನ್ನೂ ಕೂಡಿಸಿದ ಕನ್ಸಾಲಿಡೇಟೆಡ್ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ 2024-25ರ ಕನ್ಸಾಲಿಡೇಟೆಡ್ ಏರಿಕೆಯಲ್ಲಿ ಹಳೆಯ ವ್ಯಾಪಾರ ಎಷ್ಟು ಬೆಳೆಯಿತು, ಹೊಸದಾಗಿ ಬಂದದ್ದೆಷ್ಟು ಎಂದು ಬೇರೆ ಮಾಡದೆ ಶೇಕಡಾ ಬರೆದರೆ ಓದುವವರಿಗೆ ತಪ್ಪು ಚಿತ್ರ ಸಿಗುತ್ತದೆ. ಸ್ವಾಧೀನದ ನೋಟ್‌ನಲ್ಲಿ, ಕೊಂಡ ದಿನದಿಂದ ವರ್ಷಾಂತ್ಯದವರೆಗೆ ಆ ಕಂಪನಿಯಿಂದ ಬಂದ ಆದಾಯ, ಲಾಭ ಎಷ್ಟೆಂದು ಕೊಡಬೇಕೆಂಬ ನಿಯಮವಿದೆ. ಅದನ್ನು ಹುಡುಕಿ ಕಳೆಯಿರಿ.

ಆದ್ದರಿಂದ ಮೊದಲ ಕೆಲಸ, ಸ್ಟ್ಯಾಂಡಲೋನ್ ಬೇಕೋ ಕನ್ಸಾಲಿಡೇಟೆಡ್ ಬೇಕೋ ಎಂದು ಒಂದನ್ನು ಆರಿಸಿ ಕೊನೆತನಕ ಅದಕ್ಕೇ ಅಂಟಿಕೊಳ್ಳುವುದು. ಅಂಗಸಂಸ್ಥೆ ಇರುವ ಕಂಪನಿಗೆ ಕನ್ಸಾಲಿಡೇಟೆಡ್ ತೆಗೆದುಕೊಳ್ಳಿ. ವರದಿಯಲ್ಲಿ ಸಾಮಾನ್ಯವಾಗಿ ಸ್ಟ್ಯಾಂಡಲೋನ್ ಮೊದಲು ಬರುತ್ತದೆ, ಹುಡುಕಿದಾಗ ಅದೇ ಮೊದಲು ಸಿಗುತ್ತದೆ, ಎಚ್ಚರ. ಆಮೇಲೆ ಪಿಡಿಎಫ್‌ನಲ್ಲಿ Ctrl+F ಒತ್ತಿ `restated`, `regrouped`, `reclassified`, `discontinued` ಈ ನಾಲ್ಕನ್ನು ಹುಡುಕಿ. ಏನಾದರೂ ಸಿಕ್ಕರೆ ಆ ನೋಟ್ ಪೂರ್ತಿ ಓದಿ, ಆಮೇಲೆ ಅಂಕಿಗೆ ಕೈಹಾಕಿ.

ಎಕ್ಸೆಲ್ ಶೀಟಿನಲ್ಲಿ A ಬಾಬ್ತು, B ಈ ವರ್ಷ, C ಹೋದ ವರ್ಷ (ಹೊಸ ವರದಿಯಿಂದ), D ಹೋದ ವರ್ಷ (ಹಳೆಯ ವರದಿಯಿಂದ), E ಪುಟ ಸಂಖ್ಯೆ, F ಬದಲಾವಣೆ. C ಮತ್ತು D ಹೊಂದದಿದ್ದರೆ ಕಾರಣ ಸಿಗುವವರೆಗೆ ಮುಂದೆ ಹೋಗಬೇಡಿ. F ಕಾಲಂಗೆ ಸೂತ್ರ ಇಷ್ಟೇ:

```
=IF(AND(B2>0,C2>0),(B2-C2)/C2,"-")
```

ನಷ್ಟದಿಂದ ಲಾಭಕ್ಕೆ ಬಂದಾಗ ಸುಮ್ಮನೆ ಭಾಗಿಸಿದರೆ ಅರ್ಥವಿಲ್ಲದ ಶೇಕಡಾ ಬರುತ್ತದೆ. ಅದಕ್ಕೇ ಅಲ್ಲಿ ಗೆರೆ. ಪಕ್ಕದಲ್ಲಿ "ನಷ್ಟ 12 ಕೋಟಿ ಇದ್ದದ್ದು ಲಾಭ 9 ಕೋಟಿ ಆಗಿದೆ" ಎಂದು ಮಾತಿನಲ್ಲೇ ಬರೆಯಿರಿ.

ಈಗ ಒಂದು ಕಲ್ಪಿತ ಸ್ಪಾಂಜ್ ಐರನ್ ಕಂಪನಿಯ ಲೆಕ್ಕ ಹಾಕೋಣ. ಹಳೆಯ ವರದಿಯಲ್ಲಿ ಹೋದ ವರ್ಷದ ಸ್ಟ್ಯಾಂಡಲೋನ್ ಆದಾಯ 1,200 ಕೋಟಿ. ಹೊಸ ವರದಿಯಲ್ಲಿ ಈ ವರ್ಷ 1,560 ಕೋಟಿ. ನೀವು ಹೇಳಿದಂತೆ ಪಕ್ಕಪಕ್ಕ ಇಟ್ಟರೆ ಶೇ 30 ಏರಿಕೆ. ಆದರೆ ಹೊಸ ವರದಿಯ ಎರಡನೇ ಕಾಲಂನಲ್ಲಿ ಅದೇ ಹೋದ ವರ್ಷಕ್ಕೆ 1,480 ಕೋಟಿ ಇದೆ, ಏಕೆಂದರೆ ಅಂಗಸಂಸ್ಥೆ ವಿಲೀನವಾಗಿದೆ. ನಿಜವಾದ ಏರಿಕೆ ಶೇ 5.4. ಇಡೀ ಸಾರಾಂಶದ ತೀರ್ಮಾನವೇ ಈ ಒಂದು ಕಾಲಂ ಮೇಲೆ ನಿಂತಿದೆ.

ಮುಂದೆ ತೆರಿಗೆಗೆ ಮುಂಚಿನ ಲಾಭ. ಹೋದ ವರ್ಷ 120 ಕೋಟಿ, ಈ ವರ್ಷ 150. ಹೈಲೈಟ್ಸ್ ಪುಟ ಇದನ್ನು ಶೇ 25 ಪ್ರಗತಿ ಎಂದು ದೊಡ್ಡಕ್ಷರದಲ್ಲಿ ತೋರಿಸುತ್ತದೆ. ಲಾಭ-ನಷ್ಟ ಪತ್ರಿಕೆಯಲ್ಲಿ `Exceptional items` ಸಾಲು ನೋಡಿದರೆ ಜಮೀನು ಮಾರಿದ 42 ಕೋಟಿ ಅದರಲ್ಲಿ ಕೂತಿದೆ. ತೆಗೆದರೆ ಉಳಿಯುವುದು 108, ಅಂದರೆ ಶೇ 10 ಇಳಿಕೆ. ಎರಡೂ ಅಂಕಿ ಬರೆಯಿರಿ, ಯಾವುದು ಯಾವುದೆಂದು ಹೇಳಿ.

ಎಬಿಟ್ಡಾ, ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ, ಕಂಪನಿ ಕೊಟ್ಟದ್ದನ್ನು ಎತ್ತಬೇಡಿ, ಕೆಲವರು ಇತರ ಆದಾಯವನ್ನೂ ಸೇರಿಸಿರುತ್ತಾರೆ. ನೀವೇ ಕಟ್ಟಿ. ಆ 108ಕ್ಕೆ ಬಡ್ಡಿ 52, ಸವಕಳಿ 74 ಕೂಡಿಸಿ, ಇತರ ಆದಾಯ 18 ಕಳೆದರೆ 216 ಕೋಟಿ. ಹೋದ ವರ್ಷ ಇದೇ ರೀತಿ 120ಕ್ಕೆ 58, 70 ಕೂಡಿಸಿ 14 ಕಳೆದರೆ 234. ಆದಾಯಕ್ಕೆ ಭಾಗಿಸಿದರೆ ಮಾರ್ಜಿನ್ ಶೇ 15.8 ಇದ್ದದ್ದು 13.8ಕ್ಕೆ ಬಂದಿದೆ. ಇದನ್ನು "2 ಪರ್ಸೆಂಟೇಜ್ ಪಾಯಿಂಟ್ ಇಳಿಕೆ" ಎನ್ನಬೇಕು. "ಶೇ 2 ಇಳಿಕೆ" ಎಂದರೆ ಬೇರೆಯೇ ಅರ್ಥ. ಭಾಗಿಸುವಾಗ ಕೆಳಗೆ ಇರಬೇಕಾದದ್ದು `Revenue from operations`, `Total income` ಅಲ್ಲ.

ಸಾಲದ ಅಂಕಿಗೂ ಇದೇ ರೋಗ ಇದೆ. ದೀರ್ಘಾವಧಿ ಸಾಲದಲ್ಲಿ ಒಂದು ವರ್ಷದೊಳಗೆ ತೀರಿಸಬೇಕಾದ ಕಂತು ಮೊದಲು ಇತರ ಹಣಕಾಸು ಬಾಧ್ಯತೆಗಳಲ್ಲಿ ಇರುತ್ತಿತ್ತು. ಕಂಪನಿ ಕಾಯ್ದೆಯ ಶೆಡ್ಯೂಲ್ 3ರ 2021ರ ತಿದ್ದುಪಡಿಯ ನಂತರ ಅದು ಅಲ್ಪಾವಧಿ ಸಾಲದೊಳಗೆ ಬಂತು. ಐದಾರು ವರ್ಷದ ಹಳೆಯ ವರದಿಗಳನ್ನು ಸಾಲಾಗಿ ಇಟ್ಟವರಿಗೆ ಅಲ್ಲಿ ಅಲ್ಪಾವಧಿ ಸಾಲ ಏಕಾಏಕಿ ಉಬ್ಬಿದಂತೆ ಕಾಣುತ್ತದೆ. ಕಂಪನಿ ಹೊಸ ಸಾಲ ಮಾಡಿರುವುದೇ ಇಲ್ಲ. ಒಟ್ಟು ಸಾಲ ಎಂದು ಎಲ್ಲವನ್ನೂ ಕೂಡಿಸಿ ಹೋಲಿಸಿದರೆ ಈ ಗೊಂದಲ ಬರುವುದಿಲ್ಲ.

ಇನ್ನು 20 ಅಂಕಿ. ಬೇಡ. ಆದಾಯ, ಎಬಿಟ್ಡಾ ಮತ್ತು ಮಾರ್ಜಿನ್, ವಿಶೇಷ ಬಾಬ್ತು ತೆಗೆದ ಲಾಭ, ತೆರಿಗೆ ನಂತರದ ಲಾಭ, ಒಟ್ಟು ಸಾಲ, ಕಾರ್ಯಾಚರಣೆಯಿಂದ ಬಂದ ನಗದು, ಇಷ್ಟು ಸಾಕು. ಉಕ್ಕಿನ ಕಂಪನಿ ಆದ್ದರಿಂದ ಮಾರಿದ ಟನ್ ಎಷ್ಟೆಂಬುದನ್ನೂ ಸೇರಿಸಿ. ಆದಾಯ ಏರಿದ್ದು ದರದಿಂದಲೋ ಮಾಲು ಹೆಚ್ಚು ಹೋದದ್ದರಿಂದಲೋ ಎಂದು ಅದೊಂದೇ ಹೇಳುತ್ತದೆ. ರೇಷಿಯೋಗಳನ್ನು ಕಂಪನಿಯೇ ಒಂದು ನೋಟ್‌ನಲ್ಲಿ ಕೊಟ್ಟಿರುತ್ತದೆ. ಶೇ 25ಕ್ಕಿಂತ ಹೆಚ್ಚು ಬದಲಾದದ್ದಕ್ಕೆ ಕಾರಣ ಬರೆಯಲೇಬೇಕು. ಆ ಕಾರಣವನ್ನು ನಿಮ್ಮ ಅಂಕಿಗಳಿಗೆ ಹೊಂದಿಸಿ ನೋಡಿ, ಹಾಗೇ ನಕಲು ಮಾಡಬೇಡಿ.

ಷೇರಿನ ಗಳಿಕೆ ಹಾಕಲೇಬೇಕೆಂದರೆ ಬೋನಸ್ ಆಗಿದೆಯೇ ನೋಡಿ. ಸಂಡೂರು ಮ್ಯಾಂಗನೀಸ್ 2024ರ ಆರಂಭದಲ್ಲಿ 1 ಷೇರಿಗೆ 5 ಬೋನಸ್ ಕೊಟ್ಟಿತು. ಅದಕ್ಕೆ ಮುಂಚಿನ ವರದಿಯ ಇಪಿಎಸ್ ಅನ್ನು 6ರಿಂದ ಭಾಗಿಸದೆ 2023-24ರದರ ಜೊತೆ ಇಡುವಂತಿಲ್ಲ. ಎರಡನೇ ಕಾಲಂನಲ್ಲಿ ಆ ಭಾಗಾಕಾರ ಆಗಲೇ ಆಗಿರುತ್ತದೆ.