ಚಟುವಟಿಕೆ ಆಯ್ಕೆಯಲ್ಲಿ ಗ್ರೀಡಿ ಎಡವುವುದೆಲ್ಲಿ?

> ಕಡಿಮೆ ಅವಧಿಯದನ್ನೇ ಮೊದಲು ಆರಿಸುತ್ತಿದ್ದೇನೆ, ಆದರೂ ಕೆಲವು ಟೆಸ್ಟ್ ಕೇಸ್ ಫೇಲ್ ಆಗುತ್ತಿವೆ. ಯಾಕೆ?

ಒಂದಕ್ಕೊಂದು ಅಡ್ಡ ಬಾರದ ಚಟುವಟಿಕೆಗಳನ್ನು ಆದಷ್ಟು ಹೆಚ್ಚು ಆರಿಸುವುದೇ ಇಲ್ಲಿನ ಗುರಿ. ಶುರುವಾಗುವ ಮತ್ತು ಮುಗಿಯುವ ಸಮಯ 1–5, 4–6, 5–9 ಇರುವ ಮೂರನ್ನು ಕೊಟ್ಟು ನೋಡಿ. ನಿಮ್ಮ ಕೋಡ್ 4–6 ಅನ್ನು ಹಿಡಿಯುತ್ತದೆ, ಅದು ಉಳಿದೆರಡಕ್ಕೂ ಅಡ್ಡ ಬರುತ್ತದೆ. ಸಿಕ್ಕಿದ್ದು ಒಂದೇ. ಮುಗಿಯುವ ಸಮಯದ ಪ್ರಕಾರ ಸಾರ್ಟ್ ಮಾಡಿದರೆ 1–5, ಆಮೇಲೆ 5–9, ಒಟ್ಟು ಎರಡು. (ಹೋಲಿಕೆಯಲ್ಲಿ `start >= lastEnd` ಇರಲಿ, ಬರೀ `>` ಹಾಕಿದರೆ 5–9 ತಪ್ಪಿಹೋಗುತ್ತದೆ.)

ಇದು ಸರಿಯಾಗಲು ಕಾರಣವಿದೆ: ಯಾವುದೇ ಅತ್ಯುತ್ತಮ ಆಯ್ಕೆಯ ಮೊದಲ ಚಟುವಟಿಕೆಯನ್ನು ತೆಗೆದು, ಎಲ್ಲಕ್ಕಿಂತ ಬೇಗ ಮುಗಿಯುವುದನ್ನು ಇಟ್ಟರೂ ಮುಂದಿನವಕ್ಕೆ ತೊಂದರೆಯಿಲ್ಲ, ಎಣಿಕೆಯೂ ಇಳಿಯದು.

ಆದರೆ ಪ್ರತಿಯೊಂದಕ್ಕೂ ಲಾಭ ಬಂತೋ, ಈ ಅದಲುಬದಲು ನಿಲ್ಲುವುದಿಲ್ಲ. 4–6ಕ್ಕೆ 10, ಉಳಿದವಕ್ಕೆ ತಲಾ 3 ಅಂದುಕೊಳ್ಳಿ: ಬೇಗ ಮುಗಿಯುವುದನ್ನು ಆರಿಸುವ ಗ್ರೀಡಿ ಒಟ್ಟು 6 ಕೊಡುತ್ತದೆ, ಸರಿಯುತ್ತರ 10. ಅಲ್ಲಿ ಡೈನಾಮಿಕ್ ಪ್ರೋಗ್ರಾಮಿಂಗ್ ಬಳಸಿ.